ವರದಿಯಲ್ಲಿರುವುದು ಯಾವ ಊರಿನ ದಿನ?

ಬೆಂಗಳೂರಿನ ಒಂದು ಸಣ್ಣ ಕಂಪನಿ ಆನ್‌ಲೈನ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಆ್ಯಪ್ ನಡೆಸುತ್ತಿದೆ ಎಂದುಕೊಳ್ಳೋಣ. ಪಾಠ ಹೇಳುವವರು ಮೈಸೂರು, ಧಾರವಾಡದಲ್ಲಿದ್ದಾರೆ. ಮಕ್ಕಳಲ್ಲಿ ಕೆಲವರು ಬೆಂಗಳೂರಿನವರೇ, ಉಳಿದವರು ದುಬೈ, ಲಂಡನ್, ನ್ಯೂಜೆರ್ಸಿಯವರು. 2025ರ ಮಾರ್ಚ್ 31, ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ನ್ಯೂಜೆರ್ಸಿಯ ತಾಯಿಯೊಬ್ಬರು ಮಗಳ ಫೀಸು ಕಟ್ಟುತ್ತಾರೆ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಮಧ್ಯರಾತ್ರಿ ಕಳೆದು ಅರ್ಧ ಗಂಟೆಯಾಗಿದೆ, ತಾರೀಕು ಏಪ್ರಿಲ್ 1. ಆ್ಯಪ್‌ನ ಸರ್ವರ್ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಆಧಾರ ಸಮಯವನ್ನು ನೋಡಿ ನಡೆಯುತ್ತದೆ. ಅದರ ಪ್ರಕಾರ ಆಗ ಮಾರ್ಚ್ 31ರ ಸಂಜೆ ಏಳು ಗಂಟೆ.

ಹಾಗಾದರೆ ಈ ಹಣ ಯಾವ ತಿಂಗಳಿನದು? ಬರೀ ತಿಂಗಳ ಪ್ರಶ್ನೆಯೂ ಅಲ್ಲ ಇದು. ಕಂಪನಿಯ ಲೆಕ್ಕದ ಪುಸ್ತಕ ಬೆಂಗಳೂರಿನದು, ಆ ಅರ್ಧ ಗಂಟೆಯ ಹಿಂದೆ ಅಲ್ಲಿ ಹೊಸ ಆರ್ಥಿಕ ವರ್ಷ ಶುರುವಾಗಿದೆ. ಆದರೆ ಸರ್ವರ್ ತಯಾರಿಸಿದ ವರದಿಯಲ್ಲಿ ಆ ಹಣ ಹಳೆಯ ವರ್ಷದಲ್ಲಿ ಕೂತಿದೆ. ಬ್ಯಾಂಕಿನ ಪಟ್ಟಿ ಒಂದು ಹೇಳುತ್ತದೆ, ಆ್ಯಪ್‌ನ ವರದಿ ಇನ್ನೊಂದು ಹೇಳುತ್ತದೆ. ಲೆಕ್ಕ ಬರೆಯುವವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ರೂಪಾಯಿಯೂ ಕಳೆದುಹೋಗಿಲ್ಲ, ಆದರೂ ಮೊತ್ತ ತಾಳೆಯಾಗುವುದಿಲ್ಲ.

ಈ ತಪ್ಪು ಬಹಳ ಕಾಲ ಯಾರ ಕಣ್ಣಿಗೂ ಬೀಳದೆ ಇರಬಲ್ಲದು. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ಯುಟಿಸಿ ದಿನದ ಪ್ರಕಾರ ಲೆಕ್ಕ ಹಾಕಿದರೆ ನಮ್ಮ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ನಡೆದದ್ದೆಲ್ಲ ಹಿಂದಿನ ದಿನಕ್ಕೆ ಸೇರಿಬಿಡುತ್ತದೆ. ಗ್ರಾಹಕರೆಲ್ಲ ಕರ್ನಾಟಕದವರೇ ಆಗಿದ್ದಾಗ ಆ ಹೊತ್ತಿನಲ್ಲಿ ಫೀಸು ಕಟ್ಟುವವರು ಅಪರೂಪ, ತಪ್ಪು ಇದ್ದರೂ ವರದಿಯಲ್ಲಿ ಎದ್ದು ಕಾಣುವುದಿಲ್ಲ. ಆಮೇಲೆ ಅಮೆರಿಕದ ಕುಟುಂಬಗಳು ಸೇರಿಕೊಳ್ಳುತ್ತವೆ. ನಮ್ಮ ಅದೇ ಐದೂವರೆ ಗಂಟೆ ಬೇಸಿಗೆ ಕಾಲದ ನ್ಯೂಜೆರ್ಸಿಗೆ ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಎಂಟು. ಮಕ್ಕಳು ಶಾಲೆಯಿಂದ, ದೊಡ್ಡವರು ಕೆಲಸದಿಂದ ಮನೆಗೆ ಬರುವ ಹೊತ್ತು, ಫೋನು ಕೈಗೆತ್ತಿಕೊಂಡು ಇಂಥ ಕೆಲಸ ಮುಗಿಸುವ ಹೊತ್ತು. ಪ್ರೋಗ್ರಾಂನಲ್ಲಿ ಒಂದು ಸಾಲೂ ಬದಲಾಗಿಲ್ಲ. ಆದರೂ ವ್ಯಾಪಾರ ಬೆಳೆದಂತೆ ವರದಿಯ ತಪ್ಪೂ ಬೆಳೆಯುತ್ತದೆ. ‘ಮೊನ್ನೆವರೆಗೆ ಸರಿಯಾಗಿಯೇ ಇತ್ತು’ ಎಂದು ಎಲ್ಲರೂ ಹೇಳುವುದು ಇದೇ ಕಾರಣಕ್ಕೆ.

ತಪ್ಪಿನ ಬೇರು ಡೇಟಾಬೇಸ್‌ನ ಕಾಲಂನಲ್ಲಿದೆ. ನಾವು ಸಮಯ ಎಂದು ಬರೆದಿಡುವುದರಲ್ಲಿ ಎರಡು ಬೇರೆಬೇರೆ ಸಂಗತಿಗಳಿವೆ. ಒಂದು, ನಡೆದ ಕ್ಷಣ. ಆ ತಾಯಿ ಬಟನ್ ಒತ್ತಿದ ಕ್ಷಣ ಜಗತ್ತಿಗೆಲ್ಲ ಒಂದೇ. ಇನ್ನೊಂದು, ಆ ಕ್ಷಣದಲ್ಲಿ ಯಾವುದೋ ಒಂದು ಊರಿನ ಗಡಿಯಾರ ತೋರಿಸಿದ ಅಂಕಿ. ಊರಿನ ಹೆಸರಿಲ್ಲದ ಅಂಕಿ ಗೋಡೆ ಗಡಿಯಾರದ ಫೋಟೊ ಇದ್ದ ಹಾಗೆ: ಮುಳ್ಳುಗಳು ಚೆನ್ನಾಗಿ ಕಾಣುತ್ತವೆ, ಗಡಿಯಾರ ಯಾರ ಮನೆಯದು ಎಂಬುದು ಮಾತ್ರ ತಿಳಿಯುವುದಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಜನಪ್ರಿಯ ಡೇಟಾಬೇಸ್‌ನಲ್ಲಿ ಈ ಎರಡಕ್ಕೂ ಪ್ರತ್ಯೇಕ ಬಗೆಯ ಕಾಲಂಗಳಿವೆ. `timestamp` ಎಂದರೆ ಆ ಫೋಟೊ. ಕೊಟ್ಟ ಅಂಕಿಯನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಅಂಕಿಯ ಜೊತೆಗೆ ‘+05:30’ ಎಂದು ನೀವೇ ಬರೆದುಕೊಟ್ಟರೂ ಆ ಭಾಗವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. `timestamptz` ಎಂದರೆ ಕ್ಷಣ. ಬಂದ ಸಮಯವನ್ನು ಯುಟಿಸಿಗೆ ತಿರುಗಿಸಿ ಇಟ್ಟುಕೊಂಡು, ತೋರಿಸುವಾಗ ಕೇಳಿದವರ ಸಮಯ ವಲಯಕ್ಕೆ ತಿರುಗಿಸಿ ಕೊಡುತ್ತದೆ. ಎರಡೂ ಹಿಡಿಯುವ ಜಾಗ ಎಂಟು ಬೈಟ್, ಆದ್ದರಿಂದ ಉಳಿತಾಯದ ನೆಪದಲ್ಲಿ ಮೊದಲನೆಯದನ್ನು ಆರಿಸಲು ಕಾರಣವೇ ಇಲ್ಲ. ನಡೆದುಹೋದ ಘಟನೆಗಳಿಗೆ, ಅಂದರೆ ಹಣ ಕಟ್ಟಿದ್ದು, ಲಾಗಿನ್ ಆದದ್ದು, ಪಾಠ ಮುಗಿದದ್ದು ಇಂಥವಕ್ಕೆ `timestamptz` ಬಿಟ್ಟು ಬೇರೆ ಯೋಚಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಆದರೆ ಅದರ ಬಗ್ಗೆ ಎರಡು ವಿಷಯ ತಿಳಿದಿರಬೇಕು. ಒಂದು, ಅದು ಸಮಯ ವಲಯವನ್ನು ನೆನಪಿಟ್ಟುಕೊಳ್ಳುವುದಿಲ್ಲ. ನ್ಯೂಜೆರ್ಸಿಯಿಂದ ಬಂದ ಸಮಯವೂ ದುಬೈಯಿಂದ ಬಂದ ಸಮಯವೂ ಒಳಗೆ ಹೋದ ಮೇಲೆ ಬರೀ ಯುಟಿಸಿ ಕ್ಷಣಗಳು. ಗ್ರಾಹಕರ ಊರಿನಲ್ಲಿ ಆಗ ಎಷ್ಟು ಗಂಟೆಯಾಗಿತ್ತು ಎಂಬುದು ಮುಂದೆ ಬೇಕಾಗುವುದಾದರೆ ಅವರ ವಲಯದ ಹೆಸರನ್ನು ಪಕ್ಕದ ಇನ್ನೊಂದು ಕಾಲಂನಲ್ಲಿ ಬರೆದಿಡಬೇಕು. ಎರಡು, ವಲಯ ಹೇಳದೆ ಬರೀ `2025-04-01 00:30` ಎಂದು ಕಳಿಸಿದರೆ, ಆ ಕನೆಕ್ಷನ್‌ಗೆ ಆಗ ಯಾವ ವಲಯ ಹೊಂದಿಸಿದೆಯೋ ಅದರ ಸಮಯ ಎಂದೇ ಡೇಟಾಬೇಸ್ ಭಾವಿಸುತ್ತದೆ. ಅದೇ ಸಾಲನ್ನು ಬೆಂಗಳೂರಿನ ಲ್ಯಾಪ್‌ಟಾಪ್‌ನಿಂದ ಓಡಿಸಿದಾಗ ಒಂದು ಕ್ಷಣ, ಸರ್ವರ್‌ನಿಂದ ಓಡಿಸಿದಾಗ ಇನ್ನೊಂದು ಕ್ಷಣ ದಾಖಲಾಗಬಹುದು. ಕಳಿಸುವಾಗಲೇ `2025-04-01T00:30:00+05:30` ಎಂದು ಪೂರ್ತಿ ಬರೆದು ಕಳಿಸಿದರೆ ಈ ಗೊಂದಲವೇ ಹುಟ್ಟುವುದಿಲ್ಲ.

ಮೈಎಸ್‌ಕ್ಯುಎಲ್ ಬಳಸುವವರಿಗೆ ಹೆಸರುಗಳು ಬೇರೆ. ಅಲ್ಲಿ `DATETIME` ಫೋಟೊ, `TIMESTAMP` ಕ್ಷಣ. ಪೋಸ್ಟ್‌ಗ್ರೆಸ್‌ನಿಂದ ಅಲ್ಲಿಗೆ ಹೋದವರು ಹೆಸರು ನೋಡಿಯೇ ಮೋಸಹೋಗುತ್ತಾರೆ. ಮೇಲಾಗಿ ಅಲ್ಲಿನ `TIMESTAMP` 2038ರ ಜನವರಿ 19ರ ಆಚೆಗಿನ ದಿನಾಂಕಗಳನ್ನು ಹಿಡಿಯಲಾರದು.

ಈಗ ವರದಿಗೆ ಬರೋಣ. ಸಂಗ್ರಹಿಸಿದ್ದು ಸರಿಯಿದ್ದರೂ ವರದಿ ತಪ್ಪಬಹುದು, ಏಕೆಂದರೆ ‘ದಿನ’ ಎಂಬುದು ಕ್ಷಣದ ಗುಣವಲ್ಲ. ದಿನ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎನ್ನುವುದು ಊರಿಗೆ ಬಿಟ್ಟ ವಿಷಯ. ಹಾಗಾಗಿ ದಿನದ ಲೆಕ್ಕ ಕೇಳುವ ಪ್ರತಿಯೊಂದು ಪ್ರಶ್ನೆಯಲ್ಲೂ ಯಾವ ಊರಿನ ದಿನ ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಕಂಪನಿಯ ಏಪ್ರಿಲ್ ತಿಂಗಳ ವರದಿ ಹೀಗಿರಬೇಕು:

```sql
SELECT (paid_at AT TIME ZONE 'Asia/Kolkata')::date AS dina,
       sum(amount)
FROM payments
WHERE paid_at >= timestamp '2025-04-01' AT TIME ZONE 'Asia/Kolkata'
  AND paid_at <  timestamp '2025-05-01' AT TIME ZONE 'Asia/Kolkata'
GROUP BY dina
ORDER BY dina;
```

ಇಲ್ಲಿ ಮೊದಲು ‘ಭಾರತದ ಏಪ್ರಿಲ್ 1ರ ಮಧ್ಯರಾತ್ರಿ ಎಂದರೆ ಯಾವ ಕ್ಷಣ’ ಎಂದು ಕಂಡುಕೊಂಡು, ಅಲ್ಲಿಂದ ಮೇ 1ರ ಮಧ್ಯರಾತ್ರಿಯ ಕ್ಷಣದವರೆಗಿನ ಸಾಲುಗಳನ್ನು ಮಾತ್ರ ಆರಿಸಿದ್ದೇವೆ. ಆಮೇಲೆ ಪ್ರತಿ ಕ್ಷಣವನ್ನೂ ಭಾರತದ ಗಡಿಯಾರಕ್ಕೆ ತಂದು, ಅದರ ತಾರೀಕಿನ ಪ್ರಕಾರ ಗುಂಪು ಮಾಡಿದ್ದೇವೆ. ಮೇಲಿನ ಗಡಿಗೆ ‘ಏಪ್ರಿಲ್ 30, 23:59:59ರವರೆಗೆ’ ಎನ್ನದೆ ‘ಮೇ 1ಕ್ಕಿಂತ ಮೊದಲು’ ಎಂದಿರುವುದೂ ಬೇಕೆಂದೇ; ಇಲ್ಲವಾದರೆ ಕೊನೆಯ ಸೆಕೆಂಡಿನೊಳಗೆ ಬಂದ ಹಣ ಯಾವ ತಿಂಗಳಿಗೂ ಸೇರದೆ ಉಳಿಯುತ್ತದೆ. ನ್ಯೂಜೆರ್ಸಿಯ ಆ ಫೀಸು ಈಗ ಏಪ್ರಿಲ್ 1ರ ಸಾಲಿಗೆ ಬಂದು ಕೂರುತ್ತದೆ, ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆಯಾಗುತ್ತದೆ.

ಲೆಕ್ಕಪತ್ರಕ್ಕೆ ಬೆಂಗಳೂರಿನ ದಿನ ಸರಿ. ಆದರೆ ‘ಲಂಡನ್‌ನ ಮಕ್ಕಳು ಯಾವ ಹೊತ್ತಿನಲ್ಲಿ ಹೆಚ್ಚು ಪಾಠ ಕೇಳುತ್ತಾರೆ’ ಎಂಬ ವರದಿಗೆ ಲಂಡನ್‌ನ ದಿನವೇ ಬೇಕು. ಒಂದೇ ಕಂಪನಿಯಲ್ಲಿ ಎರಡೂ ಇರಬಹುದು, ಇರಲಿ. ವರದಿಯ ತಲೆಬರಹದಲ್ಲಿ ‘ಭಾರತೀಯ ಸಮಯ’, ‘ಲಂಡನ್ ಸಮಯ’ ಎಂದು ಅಚ್ಚಾಗಿರಬೇಕು, ಅಷ್ಟೇ. ಆ ಎರಡು ಪದ ಇಲ್ಲದ ಕಾರಣಕ್ಕೆ ಇಬ್ಬರು ಮ್ಯಾನೇಜರ್‌ಗಳು ತಮ್ಮ ತಮ್ಮ ಸರಿಯಾದ ಸಂಖ್ಯೆಗಳನ್ನು ಹಿಡಿದುಕೊಂಡು ಜಗಳವಾಡುವುದುಂಟು.

ಭಾರತಕ್ಕೇ ವಿಶೇಷವಾಗಿ ಕಾಡುವ ಒಂದು ತೊಡಕಿದೆ. ಸಾಲುಗಳು ಲಕ್ಷಗಟ್ಟಲೆ ಆದಾಗ ಪ್ರತಿಸಲ ಎಲ್ಲವನ್ನೂ ಕೂಡಿಸುವುದು ನಿಧಾನವಾಗುತ್ತದೆ. ಆಗ ಗಂಟೆಗೊಂದು ಮೊತ್ತವನ್ನು ಮೊದಲೇ ಕೂಡಿಸಿ ಇನ್ನೊಂದು ಟೇಬಲ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಯುಟಿಸಿ ಗಂಟೆಗಳ ಇಂಥ ಟೇಬಲ್‌ನಿಂದ ಲಂಡನ್, ನ್ಯೂಯಾರ್ಕ್, ದುಬೈಗಳ ದಿನವನ್ನು ಚೆನ್ನಾಗಿ ಜೋಡಿಸಬಹುದು, ಏಕೆಂದರೆ ಅವು ಯುಟಿಸಿಯಿಂದ ಪೂರ್ತಿ ಗಂಟೆಗಳಷ್ಟು ದೂರ. ನಮ್ಮ ಮಧ್ಯರಾತ್ರಿ ಬೀಳುವುದು ಯುಟಿಸಿ ಸಂಜೆ ಆರೂವರೆಗೆ, ಅಂದರೆ ಆರರಿಂದ ಏಳರ ಗಂಟೆಯ ನಟ್ಟನಡುವೆ. ಆ ಗಂಟೆಯ ಮೊತ್ತದಲ್ಲಿ ಅರ್ಧ ನೆನ್ನೆಯದು, ಅರ್ಧ ಇಂದಿನದು. ಒಮ್ಮೆ ಕೂಡಿಸಿಬಿಟ್ಟ ಮೇಲೆ ಬಿಡಿಸುವ ದಾರಿಯಿಲ್ಲ. ನೇಪಾಳದ ಗಡಿಯಾರ ಐದು ಮುಕ್ಕಾಲು ಗಂಟೆ ಮುಂದೆ, ಅಲ್ಲಿಗೆ ಅರ್ಧ ಗಂಟೆಯ ಮೊತ್ತಗಳೂ ಸಾಲವು. ಹದಿನೈದು ನಿಮಿಷಕ್ಕೊಂದು ಮೊತ್ತ ಇಟ್ಟುಕೊಂಡರೆ ಎಲ್ಲರ ಮಧ್ಯರಾತ್ರಿಯೂ ಸರಿಯಾದ ಗೆರೆಯ ಮೇಲೆ ಬೀಳುತ್ತದೆ. ಹೊರದೇಶದಲ್ಲಿ ತಯಾರಾದ ವರದಿ ಸಾಫ್ಟ್‌ವೇರ್ ತರಿಸಿಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಇನ್ನು ವಲಯವನ್ನು ಹೆಸರಿಸುವ ರೀತಿ. ಭಾರತದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. 1945ರಲ್ಲಿ ಅದನ್ನು ಕೈಬಿಟ್ಟರು, ಈಗ ಇಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯಿಲ್ಲ. ಹೀಗಾಗಿ ನಮ್ಮ ಪ್ರೋಗ್ರಾಮರ್‌ಗಳಿಗೆ ಸಮಯ ವಲಯವೆಂದರೆ ಕೂಡಿಸುವ ಒಂದು ಸಂಖ್ಯೆ ಎಂಬ ಭಾವನೆ ಸಹಜವಾಗಿ ಬಂದುಬಿಡುತ್ತದೆ: ಐದೂವರೆ ಕೂಡಿಸಿದರೆ ಭಾರತ, ಐದು ಕಳೆದರೆ ನ್ಯೂಯಾರ್ಕ್. ಭಾರತಕ್ಕೆ ಅದು ನಡೆಯುತ್ತದೆ, ನ್ಯೂಯಾರ್ಕ್‌ಗೆ ಚಳಿಗಾಲದಲ್ಲಿ ಮಾತ್ರ ನಡೆಯುತ್ತದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ತರುತ್ತಾರೆ. ಬ್ರಿಟನ್‌ನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು. ದುಬೈಯಲ್ಲಿ ಈ ಪದ್ಧತಿಯೇ ಇಲ್ಲ. ಮೆಕ್ಸಿಕೊ 2022ರಲ್ಲಿ ಇದನ್ನು ಬಹುತೇಕ ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಇವೆಲ್ಲ ಆಯಾ ದೇಶದ ಸರ್ಕಾರಗಳ ತೀರ್ಮಾನ. ಸೂತ್ರ ಬರೆದು ಹಿಡಿಯುವಂಥದ್ದಲ್ಲ.

ಈ ತೀರ್ಮಾನಗಳನ್ನೆಲ್ಲ ದಾಖಲಿಸುವ ಒಂದು ಸಾರ್ವಜನಿಕ ಕೋಶವಿದೆ. ಆರ್ಥರ್ ಡೇವಿಡ್ ಓಲ್ಸನ್ ಅದನ್ನು ಆರಂಭಿಸಿದರು, ನಂತರ ಪಾಲ್ ಎಗ್ಗರ್ಟ್ ನೋಡಿಕೊಳ್ಳುತ್ತ ಬಂದಿದ್ದಾರೆ. ಫೋನು, ಸರ್ವರ್, ಡೇಟಾಬೇಸ್‌ಗಳೆಲ್ಲ ಬಹುಮಟ್ಟಿಗೆ ಅದನ್ನೇ ಆಶ್ರಯಿಸಿವೆ. `Asia/Kolkata`, `America/New_York` ಎಂಬ ಹೆಸರುಗಳು ಬಂದದ್ದು ಅಲ್ಲಿಂದ. ಹೆಸರು ಕೊಟ್ಟರೆ ಯಾವ ದಿನ ಎಷ್ಟು ವ್ಯತ್ಯಾಸ ಎಂಬುದನ್ನು ಡೇಟಾಬೇಸ್ ತಾನೇ ನೋಡಿಕೊಳ್ಳುತ್ತದೆ. ‘IST’ ಎಂಬ ಮೂರಕ್ಷರವನ್ನು ಮಾತ್ರ ಪ್ರೋಗ್ರಾಂ ಒಳಗೆ ಬಳಸಬಾರದು. ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ಅದನ್ನು ತಮ್ಮದೆನ್ನುತ್ತವೆ. ಪೋಸ್ಟ್‌ಗ್ರೆಸ್ ಬಹಳ ವರ್ಷಗಳ ಕಾಲ ತಾನಾಗಿ ಅದನ್ನು ಇಸ್ರೇಲ್ ಸಮಯ ಎಂದೇ ಓದುತ್ತಿತ್ತು, ಅಂದರೆ ಮೂರೂವರೆ ಗಂಟೆಯ ತಪ್ಪು.

ಇಲ್ಲಿಯವರೆಗೆ ಹೇಳಿದ್ದು ನಡೆದುಹೋದ ಘಟನೆಗಳ ಮಾತು. ಮುಂದೆ ನಡೆಯಬೇಕಾದ್ದಕ್ಕೆ ನಿಯಮ ತಿರುಗಿ ನಿಲ್ಲುತ್ತದೆ, ಮತ್ತು ‘ಎಲ್ಲವನ್ನೂ ಯುಟಿಸಿಯಲ್ಲಿಡಿ’ ಎಂಬ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದವರು ಎಡವುವುದು ಇಲ್ಲೇ. ನ್ಯೂಜೆರ್ಸಿಯ ಮಕ್ಕಳಿಗೆ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾಠ ಎಂದು ಫೆಬ್ರುವರಿಯಲ್ಲಿ ನಿಗದಿಯಾಯಿತು ಎನ್ನಿ. ಆಗಿನ ಲೆಕ್ಕದಲ್ಲಿ ಅದು ಯುಟಿಸಿ ಮಧ್ಯಾಹ್ನ ಮೂರು, ಮೈಸೂರಿನಲ್ಲಿ ರಾತ್ರಿ ಎಂಟೂವರೆ. ಪ್ರೋಗ್ರಾಂ ವರ್ಷವಿಡೀ ‘ಶನಿವಾರ 15:00 ಯುಟಿಸಿ’ ಎಂದು ಬರೆದಿಟ್ಟುಕೊಂಡಿತು. 2025ರ ಮಾರ್ಚ್ 8ರ ಪಾಠ ಸರಿಯಾಗಿ ನಡೆಯಿತು. ಮಾರ್ಚ್ 9ರ ಭಾನುವಾರ ಅಮೆರಿಕದ ಗಡಿಯಾರ ಮುಂದೆ ಹೋಯಿತು. ಮಾರ್ಚ್ 15ರ ಶನಿವಾರ ಮಕ್ಕಳು ಹತ್ತಕ್ಕೆ ಬಂದು ಕೂತರು, ಆ್ಯಪ್ ಮಾತ್ರ ಪಾಠ ಹನ್ನೊಂದಕ್ಕೆ ಎಂದಿತು.

ಪೋಷಕರ ಜೊತೆ ಆದ ಒಪ್ಪಂದ ‘ನಿಮ್ಮೂರಿನ ಬೆಳಿಗ್ಗೆ ಹತ್ತು’ ಎಂಬುದು. ಆದ್ದರಿಂದ ಇಡಬೇಕಾದ್ದೂ ಅದನ್ನೇ: ವಾರ ಶನಿವಾರ, ಸಮಯ 10:00, ವಲಯ `America/New_York`. ಪ್ರತಿ ಪಾಠದ ಯುಟಿಸಿ ಕ್ಷಣವನ್ನು ಇದರಿಂದ ಲೆಕ್ಕ ಹಾಕಿ ತೆಗೆಯಬೇಕು, ಸಮಯದ ಕೋಶ ಹೊಸದಾದಾಗ ಮುಂದಿನ ಪಾಠಗಳಿಗೆ ಮತ್ತೊಮ್ಮೆ ಲೆಕ್ಕ ಹಾಕಬೇಕು. ಆಗ ಮಾರ್ಚ್ 15ರಂದು ಮಕ್ಕಳಿಗೆ ಹತ್ತೇ ಗಂಟೆ. ಮೈಸೂರಿನ ಮೇಡಂಗೆ ಎಂಟೂವರೆಯ ಬದಲು ಏಳೂವರೆ. ಆ ಬದಲಾವಣೆಯನ್ನು ಅವರಿಗೆ ಒಂದು ವಾರ ಮೊದಲೇ ತಿಳಿಸುವುದು ಆ್ಯಪ್‌ನ ಕೆಲಸ. ಲಂಡನ್‌ನ ತಂಡಕ್ಕೆ ಇದೇ ಬದಲಾವಣೆ ಮಾರ್ಚ್ 30ರಂದು ಬರುತ್ತದೆ. ನಡುವಿನ ಮೂರು ವಾರ ಎರಡೂ ಊರಿನ ಮಕ್ಕಳು ಕೂಡಿ ಕೂರುವ ಪಾಠವಿದ್ದರೆ ಯಾರ ಗಡಿಯಾರ ಮುಖ್ಯ ಎಂಬುದನ್ನು ಮನುಷ್ಯರೇ ಮೊದಲು ತೀರ್ಮಾನಿಸಿರಬೇಕು. ಅದನ್ನು ಡೇಟಾಬೇಸ್ ಹೇಳಲಾರದು.

ಆಗಲೇ ಕೆಟ್ಟಿರುವ ವರದಿಯನ್ನು ಸರಿಪಡಿಸಲು ಹೊರಟವರಿಗೆ ವ್ಯತ್ಯಾಸದ ಗಾತ್ರವೇ ಒಳ್ಳೆಯ ಸುಳಿವು. ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಎಲ್ಲೋ ಒಂದು ಕಡೆ ಪರಿವರ್ತನೆ ಬಿಟ್ಟುಹೋಗಿದೆ, ಇಲ್ಲವೆ ಒಂದು ಸಲ ಹೆಚ್ಚಾಗಿದೆ. ವರ್ಷದ ಕೆಲವು ತಿಂಗಳು ಮಾತ್ರ ಒಂದು ಗಂಟೆ ತಪ್ಪಿದ್ದರೆ ಯಾರೋ ವಲಯದ ಹೆಸರಿನ ಬದಲು ಸಂಖ್ಯೆ ಬಳಸಿದ್ದಾರೆ. ಅಮೆರಿಕದವರಿಗೆ ಹುಟ್ಟಿದ ದಿನ ಒಂದು ದಿನ ಹಿಂದೆ ಕಾಣುತ್ತಿದ್ದರೆ ಬರೀ ತಾರೀಕನ್ನು ಯುಟಿಸಿ ಮಧ್ಯರಾತ್ರಿಯ ಕ್ಷಣವೆಂದು ಓದಿ ಅಲ್ಲಿನ ಸಮಯಕ್ಕೆ ತಿರುಗಿಸಲಾಗಿದೆ. ಜಾವಾಸ್ಕ್ರಿಪ್ಟ್ `new Date('2025-04-01')` ಎಂಬುದನ್ನು ಹೀಗೆಯೇ ಓದುತ್ತದೆ. ಹುಟ್ಟಿದ ದಿನಕ್ಕೆ `date` ಕಾಲಂ ಸಾಕು, ಅದಕ್ಕೆ ವಲಯದ ಹಂಗೇ ಬೇಡ.

ವ್ಯತ್ಯಾಸ ಹನ್ನೊಂದು ಗಂಟೆ ಇದ್ದರೆ ತಿದ್ದುಪಡಿಯೇ ತಿರುಗುಮುರುಗಾಗಿದೆ. ಇದು ಪೋಸ್ಟ್‌ಗ್ರೆಸ್‌ನಲ್ಲಿ ಆಗಾಗ ಆಗುವಂಥದ್ದು, ಏಕೆಂದರೆ `AT TIME ZONE` ಕಾಲಂನ ಬಗೆ ನೋಡಿ ದಿಕ್ಕು ಬದಲಿಸುತ್ತದೆ. ಕ್ಷಣಕ್ಕೆ ಹಚ್ಚಿದರೆ ಆ ಊರಿನ ಗಡಿಯಾರದ ಅಂಕಿ ಕೊಡುತ್ತದೆ. ಅಂಕಿಗೆ ಹಚ್ಚಿದರೆ ‘ಇದು ಆ ಊರಿನ ಅಂಕಿ’ ಎಂದು ನಂಬಿ ಕ್ಷಣವನ್ನು ಕೊಡುತ್ತದೆ. ನಮ್ಮ ಫೀಸು ಹಳೆಯ `timestamp` ಕಾಲಂನಲ್ಲಿ ಯುಟಿಸಿ ಅಂಕಿಯಾಗಿ, ಮಾರ್ಚ್ 31ರ 19:00 ಎಂದು ಇದೆ ಎನ್ನಿ. ಅದಕ್ಕೆ ನೇರವಾಗಿ `'Asia/Kolkata'` ಹಚ್ಚಿದರೆ, ಭಾರತದ ಸಂಜೆ ಏಳು ಎಂದು ತಿಳಿದು ಯುಟಿಸಿ 13:30 ಎನ್ನುತ್ತದೆ. ಬರಬೇಕಾದ್ದು ಏಪ್ರಿಲ್ 1ರ 00:30. ಮುಂದೆ ಹೋಗಬೇಕಾದ ಐದೂವರೆ ಗಂಟೆ ಹಿಂದೆ ಹೋಗಿದೆ, ಒಟ್ಟು ಹನ್ನೊಂದು.

ನಿಜವಾದ ಪರಿಹಾರ ಆ ಕಾಲಂನ ಬಗೆಯನ್ನೇ ಬದಲಿಸುವುದು:

```sql
ALTER TABLE payments
  ALTER COLUMN paid_at TYPE timestamptz
  USING paid_at AT TIME ZONE 'UTC';
```

ಕೊನೆಯ ಸಾಲನ್ನು ಬಿಟ್ಟರೆ ಡೇಟಾಬೇಸ್ ಆಗಿನ ಕನೆಕ್ಷನ್‌ನ ವಲಯವನ್ನೇ ಊಹಿಸಿಕೊಂಡು ಇಡೀ ಕಾಲಂ ತಿರುಗಿಸುತ್ತದೆ. ಈ ಆದೇಶ ನಡೆಯುವಾಗ ಟೇಬಲ್‌ಗೆ ಬೀಗ ಬೀಳುವುದರಿಂದ ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಬೇಕು. ಹಲವು ದೇಶಗಳ ಆ್ಯಪ್‌ನಲ್ಲಿ ನಮ್ಮ ನಡುರಾತ್ರಿ ಆ ಹೊತ್ತಲ್ಲ.

ಅದಕ್ಕೂ ಮೊದಲು, ಆ ಅಂಕಿಗಳೆಲ್ಲ ನಿಜಕ್ಕೂ ಯುಟಿಸಿಯವೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಂಪನಿ ಮೊದಲು ಆಫೀಸಿನ ಕಂಪ್ಯೂಟರಿನಲ್ಲೇ ಆ್ಯಪ್ ನಡೆಸಿ ಆಮೇಲೆ ಕ್ಲೌಡ್‌ಗೆ ಹೋಗಿದ್ದರೆ, ಹಳೆಯ ಸಾಲುಗಳು ಭಾರತದ ಸಮಯದಲ್ಲಿ, ಹೊಸವು ಯುಟಿಸಿಯಲ್ಲಿ ಇರುವ ಸಾಧ್ಯತೆ ಹೆಚ್ಚು. ಬೆಸುಗೆ ಎಲ್ಲಿದೆ ಎಂದು ಹುಡುಕಲು ಸಾಲುಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ಸಮಯವನ್ನು ನೋಡುತ್ತ ಹೋಗಿ. ಕ್ರಮಸಂಖ್ಯೆ ಮುಂದೆ ಹೋಗುತ್ತಿದ್ದಂತೆ ಸಮಯ ತಟ್ಟನೆ ಹಲವು ಗಂಟೆ ಹಿಂದಕ್ಕೆ ಜಿಗಿದ ಜಾಗವೇ ಸರ್ವರ್ ಬದಲಾದ ಜಾಗ. ಎರಡೂ ಬದಿಯ ಕೆಲವು ಸಾಲುಗಳನ್ನು ಪೇಮೆಂಟ್ ಗೇಟ್‌ವೇಯ ದಾಖಲೆಯೊಂದಿಗೆ ಹೋಲಿಸಿ ನೋಡಿ. ಬೆಂಗಳೂರಿನ ಗ್ರಾಹಕರ ಪಾವತಿಗಳನ್ನು ಗಂಟೆವಾರು ಎಣಿಸಿ ನೋಡಿದರೂ ತಿಳಿಯುತ್ತದೆ: ಜನ ನಿದ್ದೆ ಮಾಡುವ ಖಾಲಿ ಹೊತ್ತು ರಾತ್ರಿ ಒಂದರಿಂದ ಐದರ ಬದಲು ಸಂಜೆ ಏಳೂವರೆಯಿಂದ ಹನ್ನೊಂದೂವರೆಯಲ್ಲಿ ಕಂಡರೆ ಆ ಅಂಕಿಗಳು ಯುಟಿಸಿಯವು. ಬೆಸುಗೆ ಸಿಕ್ಕ ಮೇಲೆ ಅದರ ಹಿಂದಿನ ಸಾಲುಗಳಿಗೆ `'Asia/Kolkata'`, ಮುಂದಿನವಕ್ಕೆ `'UTC'` ಎಂದು ಬೇರೆಬೇರೆಯಾಗಿ ಹೇಳಿ ಪರಿವರ್ತಿಸಬೇಕು.

ಸರಿಪಡಿಸಿದ್ದು ಮತ್ತೆ ಕೆಡದಂತೆ ಪರೀಕ್ಷೆಗೂ ಒಂದು ಕ್ರಮವಿದೆ. ಪ್ರೋಗ್ರಾಮರ್‌ನ ಲ್ಯಾಪ್‌ಟಾಪ್ ಭಾರತದ ಸಮಯದಲ್ಲೇ ಇರುತ್ತದೆ, ಅಲ್ಲಿ ಓಡಿಸಿದ ವರದಿ ತಪ್ಪು ಪ್ರೋಗ್ರಾಂನಲ್ಲೂ ಸರಿಯಾಗಿ ಕಾಣಬಹುದು. ಆದ್ದರಿಂದ ಪರೀಕ್ಷೆಯ ಡೇಟಾಬೇಸ್‌ಗೆ ಬೇಕೆಂದೇ ಅಪರಿಚಿತ ವಲಯ ಹೊಂದಿಸಿ, `SET TIME ZONE 'Asia/Kathmandu'` ಒಳ್ಳೆಯ ಆಯ್ಕೆ. ಭಾರತದ ಮಧ್ಯರಾತ್ರಿಗೆ ಹತ್ತು ನಿಮಿಷ ಹಿಂದೆ ಒಂದು, ಹತ್ತು ನಿಮಿಷ ಮುಂದೆ ಒಂದು ಪಾವತಿ ಸೇರಿಸಿ. ಹಿಂದಿನದಕ್ಕೆ ಕಾಠ್ಮಂಡುವಿನಲ್ಲಿ ಆಗಲೇ ಮರುದಿನ ಹುಟ್ಟಿ ಐದು ನಿಮಿಷವಾಗಿರುತ್ತದೆ. ಮುಂದಿನದು ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ ಸಂಜೆಯಲ್ಲಿರುತ್ತದೆ. ಇವೆರಡೂ ವರದಿಯಲ್ಲಿ ಬೇರೆಬೇರೆ ದಿನಕ್ಕೆ, ಭಾರತದ ತಾರೀಕಿಗೇ ಬಿದ್ದರೆ, ಆ ವರದಿ ತನ್ನ ಸುತ್ತಲಿನ ಗಡಿಯಾರಗಳನ್ನು ನೋಡದೆ ನೀವು ಹೇಳಿದ ವಲಯವನ್ನೇ ನೋಡುತ್ತಿದೆ ಎಂದು ಅರ್ಥ.